ನಸುಕಿನಲ್ಲಿ ಹಿಡಿಯುವ ಎದೆನೋವು

ಹಗಲಿಡೀ ಓಡಾಡಿ, ಮೂಟೆ ಹೊತ್ತು, ಮೂರು ಮಹಡಿ ಹತ್ತಿಳಿದರೂ ಏನೂ ಆಗದ ಮನುಷ್ಯನಿಗೆ ನಸುಕಿನ ನಾಲ್ಕು ಗಂಟೆಗೆ, ಗಾಢ ನಿದ್ದೆಯಲ್ಲಿದ್ದಾಗ, ಎದೆಯನ್ನು ಯಾರೋ ಹಿಂಡಿದಂತೆ ನೋವು ಬಂದು ಎಚ್ಚರವಾಗುತ್ತದೆ. ಮೈ ತಣ್ಣಗೆ ಬೆವರುತ್ತದೆ, ನೋವು ಗಂಟಲಿಗೋ ದವಡೆಗೋ ಎಡತೋಳಿಗೋ ಹರಿಯುತ್ತದೆ. ಐದರಿಂದ ಹದಿನೈದು ನಿಮಿಷ ಕಾಡಿಸಿ ತಾನಾಗಿಯೇ ಇಳಿಯುತ್ತದೆ. ಬೆಳಿಗ್ಗೆ ಆಸ್ಪತ್ರೆಗೆ ಹೋದರೆ ಇಸಿಜಿ ನಾರ್ಮಲ್. ಟ್ರೆಡ್‌ಮಿಲ್ ಮೇಲೆ ಓಡಿಸಿದರೆ ಅದೂ ನಾರ್ಮಲ್. ಆಗ ಸಿಗುವ ಉತ್ತರ ಬಹುತೇಕ ಒಂದೇ: ಗ್ಯಾಸ್ಟ್ರಿಕ್.

ಹಲವು ಸಲ ಆ ಉತ್ತರ ಸರಿಯೂ ಇರುತ್ತದೆ. ಆದರೆ ಕೆಲವರಲ್ಲಿ ಇದು ಹೃದಯಕ್ಕೆ ರಕ್ತ ಕೊಡುವ ಕೊರೊನರಿ ನಾಳವೇ ಸೆಳೆತಕ್ಕೆ ಸಿಕ್ಕಿ ಮುಚ್ಚಿಕೊಂಡದ್ದರ ನೋವು. ವೈದ್ಯರು ಇದನ್ನು ವೇರಿಯಂಟ್ ಆಂಜೈನಾ ಎನ್ನುತ್ತಾರೆ. ಸರಿಯಾಗಿ ಗುರುತು ಹಿಡಿದರೆ ಸಾಮಾನ್ಯ ಮಾತ್ರೆಯೊಂದಕ್ಕೆ ಚೆನ್ನಾಗಿ ಬಗ್ಗುವ ಕಾಯಿಲೆ. ಗುರುತು ತಪ್ಪಿದರೆ, ಹೃದಯಕ್ಕೆ ಒಳ್ಳೆಯದೆಂದು ಕೊಟ್ಟ ಮಾತ್ರೆಯೇ ಇದನ್ನು ಕೆರಳಿಸಬಹುದು. ಕಾಯಿಲೆ ಅಪರೂಪದ್ದಾದರೂ ವಿವರವಾಗಿ ಬರೆಯಬೇಕೆನಿಸಿದ್ದು ಅದಕ್ಕಾಗಿಯೇ.

ಸಾಮಾನ್ಯ ಆಂಜೈನಾವನ್ನು ಮೊದಲು ಸ್ಪಷ್ಟವಾಗಿ ವಿವರಿಸಿದವನು ಇಂಗ್ಲೆಂಡಿನ ವೈದ್ಯ ವಿಲಿಯಂ ಹೆಬರ್ಡನ್. 1768ರಲ್ಲಿ ಲಂಡನ್ನಿನ ವೈದ್ಯರ ಮುಂದೆ ಅವನು ಹೇಳಿದ ಲಕ್ಷಣ ಇಂದಿಗೂ ನಿಜ: ನಡೆಯುವಾಗ, ಅದರಲ್ಲೂ ಏರು ಹತ್ತುವಾಗ, ಎದೆ ಹಿಡಿಯುತ್ತದೆ, ನಿಂತರೆ ಬಿಡುತ್ತದೆ. ನಾಳದಲ್ಲಿ ಕೊಬ್ಬು ಕಟ್ಟಿ ದಾರಿ ಕಿರಿದಾಗಿರುತ್ತದೆ. ಹೃದಯ ಹೆಚ್ಚು ದುಡಿದಾಗ ಬೇಕಾದಷ್ಟು ರಕ್ತ ಅದರಲ್ಲಿ ಹಾಯುವುದಿಲ್ಲ. ಸುಮಾರು ಇನ್ನೂರು ವರ್ಷ ವೈದ್ಯಲೋಕ ಆಂಜೈನಾ ಎಂದರೆ ಇಷ್ಟೇ ಎಂದು ತಿಳಿದಿತ್ತು. 1959ರಲ್ಲಿ ಲಾಸ್ ಏಂಜಲೀಸ್‌ನ ಮೈರಾನ್ ಪ್ರಿಂಜ್‌ಮೆಟಲ್ ಮತ್ತು ಸಂಗಡಿಗರು ಇದಕ್ಕೆ ತದ್ವಿರುದ್ಧವಾಗಿ ನಡೆದುಕೊಳ್ಳುವ ರೋಗಿಗಳ ವಿವರ ಪ್ರಕಟಿಸಿದರು. ಇವರಿಗೆ ನೋವು ಬರುವುದು ದುಡಿಮೆಯಲ್ಲಲ್ಲ, ವಿಶ್ರಾಂತಿಯಲ್ಲಿ. ಅದೂ ಹೆಚ್ಚುಕಡಿಮೆ ದಿನವೂ ಒಂದೇ ಹೊತ್ತಿಗೆ. ಇಸಿಜಿಯಲ್ಲೂ ವ್ಯತ್ಯಾಸ. ಸಾಮಾನ್ಯ ಆಂಜೈನಾದ ನೋವಿನಲ್ಲಿ ಎಸ್‌ಟಿ ಎಂಬ ಭಾಗ ಕೆಳಗಿಳಿದರೆ, ಇವರಲ್ಲಿ ಅದು ಮೇಲೇಳುತ್ತಿತ್ತು. ನೋವು ಹೋದೊಡನೆ ಸಮತಟ್ಟಿಗೆ ಮರಳುತ್ತಿತ್ತು. ನಾಳದ ಗೋಡೆ ಬಿಗಿಯಾಗುವುದರಿಂದ ಹೀಗಾಗುತ್ತಿರಬೇಕೆಂದು ಪ್ರಿಂಜ್‌ಮೆಟಲ್ ಊಹಿಸಿದರು. 1970ರ ದಶಕದಲ್ಲಿ, ನೋವು ಬಂದ ಹೊತ್ತಿನಲ್ಲೇ ತೆಗೆದ ಆಂಜಿಯೋಗ್ರಾಮ್‌ಗಳಲ್ಲಿ ನಾಳ ಸೆಟೆದು ಮುಚ್ಚಿಕೊಳ್ಳುವುದನ್ನು ಕಣ್ಣಾರೆ ಕಂಡ ಮೇಲೆ ಆ ಊಹೆ ಗಟ್ಟಿಯಾಯಿತು. ಬ್ಲಾಕ್ ಇರುವ ನಾಳದಲ್ಲಿ ಮಾತ್ರವಲ್ಲ, ನೋಡಲು ನಯವಾಗಿರುವ ನಾಳದಲ್ಲೂ ಹೀಗಾಗುತ್ತದೆಂಬುದು ಆಗಲೇ ತಿಳಿದದ್ದು.

ನಾಳ ಯಾಕೆ ಸೆಟೆದುಕೊಳ್ಳುತ್ತದೆ? ರಕ್ತನಾಳ ಬರೀ ಕೊಳವೆಯಲ್ಲ, ಅದರ ಗೋಡೆಯಲ್ಲಿ ಸ್ನಾಯುವಿದೆ. ಆ ಸ್ನಾಯು ಬಿಗಿದರೆ ನಾಳ ಕಿರಿದಾಗುತ್ತದೆ, ಸಡಿಲಿದರೆ ಅಗಲವಾಗುತ್ತದೆ. ನಿದ್ದೆಯಲ್ಲಿ ಕಾಲಿನ ಮೀನಖಂಡ ಇದ್ದಕ್ಕಿದ್ದಂತೆ ಹಿಡಿದುಕೊಳ್ಳುವ ಅನುಭವ ಹಲವರಿಗಿದೆ. ಅಂಥದೇ ಹಿಡಿತ ಹೃದಯದ ನಾಳದ ಗೋಡೆಯಲ್ಲಾಯಿತು ಎಂದುಕೊಳ್ಳಿ. ನಾಳದ ಒಳಮೈಯನ್ನು ಹೊದೆದಿರುವ ತೆಳು ಪದರ ಆರೋಗ್ಯವಾಗಿದ್ದರೆ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಸದಾ ಹೊಮ್ಮಿಸುತ್ತಾ ಸ್ನಾಯುವನ್ನು ಸಡಿಲವಾಗಿಡುತ್ತದೆ. ಸಿಗರೇಟಿನ ಹೊಗೆಯಂಥವು ಈ ಪದರವನ್ನು ಹಾಳುಮಾಡುತ್ತವೆ. ಜೊತೆಗೆ ಈ ರೋಗಿಗಳ ನಾಳದ ಸ್ನಾಯುವೇ ಅತಿ ಸೂಕ್ಷ್ಮ. ಬೇರೆಯವರಲ್ಲಿ ಅಲ್ಪಸ್ವಲ್ಪ ಬಿಗಿ ತರುವ ಸಂಗತಿ ಇವರಲ್ಲಿ ನಾಳವನ್ನು ಪೂರ್ತಿ ಮುಚ್ಚಿಬಿಡುತ್ತದೆ.

ರಾತ್ರಿಯೇ ಯಾಕೆ ಎಂಬ ಪ್ರಶ್ನೆಗೆ ಒಂದೇ ಮಾತಿನ ಉತ್ತರವಿಲ್ಲ. ನಿದ್ದೆಯಲ್ಲಿ ನರಮಂಡಲದ ಹತೋಟಿ ಬದಲಾಗುತ್ತದೆ, ವೇಗಸ್ ನರದ ಪ್ರಭಾವ ಹೆಚ್ಚುತ್ತದೆ, ಕನಸಿನ ನಿದ್ದೆಯಲ್ಲಿ ಏರಿಳಿತಗಳಾಗುತ್ತವೆ. ನಾಳದ ಬಿಗಿ ಇಡೀ ದಿನದಲ್ಲಿ ಹೆಚ್ಚಿರುವುದು ನಡುರಾತ್ರಿಯಿಂದ ಬೆಳಗಿನ ಹೊತ್ತಿನ ತನಕ. ಇದನ್ನು ಬಹಳ ಚೆನ್ನಾಗಿ ತೋರಿಸಿಕೊಟ್ಟವರು ಜಪಾನಿನ ಹೃದ್ರೋಗ ತಜ್ಞ ಹಿರೋಫುಮಿ ಯಾಸುಯೆ. ಅವರ ತಂಡ 1979ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಕಾಯಿಲೆಯ 13 ಮಂದಿಯನ್ನು ಬೆಳಗಿನ ಜಾವ ಟ್ರೆಡ್‌ಮಿಲ್ ಮೇಲೆ ನಡೆಸಿದರು; ಹದಿಮೂರೂ ಮಂದಿಗೆ ನೋವು ಬಂತು. ಅವರನ್ನೇ ಮಧ್ಯಾಹ್ನ ನಡೆಸಿದಾಗ ನೋವು ಬಂದದ್ದು ಇಬ್ಬರಿಗೆ ಮಾತ್ರ. ನಮ್ಮಲ್ಲಿ ಟ್ರೆಡ್‌ಮಿಲ್ ಪರೀಕ್ಷೆ ನಡೆಯುವುದು ಹೊರರೋಗಿ ವಿಭಾಗ ತೆರೆದ ಮೇಲೆ, ಹತ್ತು ಹನ್ನೊಂದರ ನಂತರ. ಅಷ್ಟು ಹೊತ್ತಿಗೆ ನಾಳ ಸಡಿಲಗೊಂಡಿರುತ್ತದೆ. ಹಾಗಾಗಿ ಹಗಲಿನ ಪರೀಕ್ಷೆಯ ‘ನಾರ್ಮಲ್’ ವರದಿಯೊಂದನ್ನೇ ನಂಬಿ ಈ ಕಾಯಿಲೆ ಇಲ್ಲವೆನ್ನಲಾಗದು.

ಈ ರೋಗಿಗಳ ವಿಷಯದಲ್ಲಿ ಮತ್ತೆ ಮತ್ತೆ ಕಾಣುವ ಸಂಗತಿಗಳನ್ನು ಕೂಡಿಸಿ ಒಬ್ಬರ ಕಥೆಯಾಗಿ ಹೇಳಿದರೆ ಮುಂದಿನದು ಸುಲಭವಾಗಿ ಅರ್ಥವಾದೀತು. ತಾಲ್ಲೂಕು ಕೇಂದ್ರವೊಂದರಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟುಕೊಂಡಿರುವ, 48 ವಯಸ್ಸಿನ ಒಬ್ಬರು ಎನ್ನೋಣ. ಸಕ್ಕರೆ ಕಾಯಿಲೆ ಇಲ್ಲ, ಬಿಪಿ ಇಲ್ಲ. ದಿನಕ್ಕೆ ಹತ್ತು ಸಿಗರೇಟು ಇದೆ. ಚಳಿಗಾಲದ ಒಂದು ನಸುಕಿನಲ್ಲಿ ಮೊದಲ ನೋವು. ಆಮೇಲೆ ವಾರದಲ್ಲಿ ಮೂರು ನಾಲ್ಕು ದಿನ, ಅದೇ ಹೊತ್ತಿಗೆ. ನಡುವೆ ಎರಡು ವಾರ ಏನೂ ಇಲ್ಲ, ಮತ್ತೆ ಶುರು. ಹೀಗೆ ಗುಂಪುಗುಂಪಾಗಿ ಬಂದು ಹೋಗುವುದೂ ಈ ನೋವಿನ ಗುಣವೇ. ಮೊದಲು ನೋಡಿದ ವೈದ್ಯರು ಆಮ್ಲ ತಗ್ಗಿಸುವ ಮಾತ್ರೆ ಕೊಟ್ಟರು, ಗುಣ ಕಾಣಲಿಲ್ಲ. ಎರಡನೆಯವರು ಹೃದಯದ ನೋವೇ ಇರಬಹುದೆಂದು ಸರಿಯಾಗಿಯೇ ಅನುಮಾನಿಸಿದರು. ಆದರೆ ಸಾಮಾನ್ಯ ಆಂಜೈನಾ ಎಂದುಕೊಂಡು ಪ್ರೊಪ್ರನಲಾಲ್ ಬರೆದರು. ಅದಾದ ಮೇಲೆ ನೋವು ಹತ್ತು ನಿಮಿಷದ ಬದಲು ಇಪ್ಪತ್ತು ನಿಮಿಷ ಹಿಡಿಯತೊಡಗಿತು.

ಮುಂದಿನ ಸಲ ನಸುಕಿನಲ್ಲಿ ನೋವು ಬಂದಾಗ ಅವರು ಎಂದಿನಂತೆ, "ಈಗ ಬಿಡುತ್ತೆ, ಬೆಳಿಗ್ಗೆ ನೋಡೋಣ" ಎಂದರು. ಅವರ ಹೆಂಡತಿ ಒಪ್ಪಲಿಲ್ಲ. "ಬೆಳಿಗ್ಗೆ ಹೋದರೆ ಮತ್ತೆ ಏನೂ ಇಲ್ಲ ಅಂತಾರೆ ರೀ, ಈಗಲೇ ಹೋಗೋಣ ಏಳಿ" ಎಂದು ಎಬ್ಬಿಸಿ, ಪಕ್ಕದ ಬೀದಿಯ ತಾಲ್ಲೂಕು ಆಸ್ಪತ್ರೆಗೆ ಕರೆದೊಯ್ದರು. ನೋವು ಇನ್ನೂ ಇದ್ದಾಗಲೇ ರಾತ್ರಿ ಪಾಳಿಯ ನರ್ಸ್ ಇಸಿಜಿ ತೆಗೆದರು. ಹೃದಯದ ಕೆಳಭಾಗವನ್ನು ತೋರಿಸುವ ಗೆರೆಗಳಲ್ಲಿ ಎಸ್‌ಟಿ ಗೋಪುರದಂತೆ ಎದ್ದಿತ್ತು. ನಾಡಿ ನಿಮಿಷಕ್ಕೆ 44ಕ್ಕೆ ಇಳಿದಿತ್ತು. ನೋಡಿದವರು ಯಾರೇ ಆದರೂ ಹೃದಯಾಘಾತ ಎನ್ನುವಂಥ ಚಿತ್ರ. ಡ್ಯೂಟಿ ಡಾಕ್ಟರು ರಕ್ತದೊತ್ತಡ ಬಿದ್ದಿಲ್ಲವೆಂದು ಖಚಿತಪಡಿಸಿಕೊಂಡು ನಾಲಿಗೆಯಡಿ ಐಸೋಸಾರ್ಬೈಡ್ ಮಾತ್ರೆ ಇಟ್ಟರು, ಅಷ್ಟರಲ್ಲೇ ಹೃದ್ರೋಗ ಕೇಂದ್ರಕ್ಕೂ ಸುದ್ದಿ ಮುಟ್ಟಿಸಿದರು. ನಾಲ್ಕೈದು ನಿಮಿಷದಲ್ಲಿ ನೋವು ಇಳಿಯಿತು. ಆಗ ಅವರು ಇನ್ನೊಂದು ಇಸಿಜಿ ತೆಗೆಸಿದರು. ಎದ್ದಿದ್ದ ಗೆರೆ ಸಮತಟ್ಟಾಗಿತ್ತು, ನಾಡಿ 70ಕ್ಕೆ ಬಂದಿತ್ತು.

ಆ ಎರಡನೆಯ ಇಸಿಜಿಯೇ ರೋಗನಿದಾನದ ಕೀಲಿ. ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿದ್ದರೆ ಎದ್ದ ಗೆರೆ ಸಾಮಾನ್ಯವಾಗಿ ಒಂದು ಮಾತ್ರೆಗೆ ಹೀಗೆ ಪೂರ್ತಿ ಇಳಿಯುವುದಿಲ್ಲ. ಆದರೂ ಇವರನ್ನು ಮನೆಗೆ ಕಳಿಸಲಿಲ್ಲ, ಕಳಿಸಲೂಬಾರದು. ಕರಗಿದ ಹೆಪ್ಪೂ ಕೆಲವೊಮ್ಮೆ ಇಂಥದೇ ಆಟವಾಡುತ್ತದೆ. ಹೃದಯದ ಸ್ನಾಯುವಿಗೆ ಪೆಟ್ಟಾಗಿದೆಯೇ ಎಂದು ರಕ್ತದಲ್ಲಿ ಟ್ರೋಪೋನಿನ್ ನೋಡಿದರು, ಅದು ಏರಿರಲಿಲ್ಲ. ಆಂಜಿಯೋಗ್ರಾಮ್‌ನಲ್ಲಿ ಬಲ ಕೊರೊನರಿ ನಾಳದ ಗೋಡೆ ಒಂದಿಷ್ಟು ದಪ್ಪಗಾಗಿದ್ದು ಕಂಡಿತೇ ಹೊರತು ಸ್ಟೆಂಟ್ ಹಾಕುವಂಥ ಬ್ಲಾಕ್ ಇರಲಿಲ್ಲ.

ನೋವಿನ ಹೊತ್ತಿನ ಇಸಿಜಿ ಸಿಗದಿದ್ದರೆ ಬೇರೆ ದಾರಿಗಳಿವೆ. 24 ಅಥವಾ 48 ಗಂಟೆ ಮೈಮೇಲೆಯೇ ಇರುವ ಹೋಲ್ಟರ್ ಯಂತ್ರ ಕಟ್ಟಿ ಕಳಿಸಿದರೆ ರಾತ್ರಿಯ ಗೆರೆಗಳು ದಾಖಲಾಗುತ್ತವೆ. ನೋವೇ ಗೊತ್ತಾಗದಂತೆ ನಿದ್ದೆಯಲ್ಲಿ ಬಂದು ಹೋಗುವ ಸೆಳೆತಗಳೂ ಅದರಲ್ಲಿ ಸಿಕ್ಕಿಬೀಳುತ್ತವೆ. ಅದರಲ್ಲೂ ತಿಳಿಯದಿದ್ದರೆ ಕ್ಯಾಥ್ ಲ್ಯಾಬಿನಲ್ಲಿ ಆಂಜಿಯೋಗ್ರಾಮ್ ಮಾಡುತ್ತಲೇ ಅಸಿಟೈಲ್‌ಕೋಲಿನ್ ಎಂಬ ವಸ್ತುವನ್ನು ಅತಿ ಸಣ್ಣ ಪ್ರಮಾಣದಲ್ಲಿ ನಾಳದೊಳಕ್ಕೆ ಬಿಟ್ಟು ನೋಡುತ್ತಾರೆ. ಒಳಪದರ ಆರೋಗ್ಯವಾಗಿರುವ ನಾಳ ಅದಕ್ಕೆ ಅಗಲವಾಗುತ್ತದೆ. ಸೆಳೆತದ ಕಾಯಿಲೆಯ ನಾಳ ಕಣ್ಣೆದುರೇ ಸೆಟೆದುಕೊಳ್ಳುತ್ತದೆ. ನೋವು, ಇಸಿಜಿ ಬದಲಾವಣೆಯ ಜೊತೆಗೆ ನಾಳ ಶೇ. 90ಕ್ಕಿಂತ ಹೆಚ್ಚು ಕಿರಿದಾದರೆ ಕಾಯಿಲೆ ಖಚಿತ. ಕೂಡಲೇ ನೈಟ್ರೇಟ್ ಕೊಟ್ಟು ಬಿಡಿಸುತ್ತಾರೆ. ಇದು ಪಳಗಿದ ಕೈ ಇರುವಲ್ಲಿ ಮಾತ್ರ ಮಾಡುವ ಪರೀಕ್ಷೆ, ಎಲ್ಲರಿಗೂ ಬೇಕಾಗುವುದಿಲ್ಲ.

ಇನ್ನು ಸೆಳೆತ ಕೆರಳಿಸುವ ಸಂಗತಿಗಳು. ಮೊದಲನೆಯದು, ಎಲ್ಲಕ್ಕಿಂತ ದೊಡ್ಡದು, ಧೂಮಪಾನ. ಸಿಗರೇಟು, ಬೀಡಿ ಎಂಬ ಭೇದವಿಲ್ಲ. ಕೆಲವರಲ್ಲಿ ಅದನ್ನು ಬಿಟ್ಟದ್ದರಿಂದಲೇ ನೋವು ಬಹುಮಟ್ಟಿಗೆ ತಗ್ಗಿದ್ದುಂಟು. ಚಳಿ ಇನ್ನೊಂದು; ಬೆಚ್ಚನೆಯ ಹೊದಿಕೆಯಿಂದ ಎದ್ದು ತಣ್ಣೀರಿಗೆ ಕೈಹಾಕಿದ್ದೇ ಸಾಕಾಗಬಹುದು. ಗಾಬರಿಯಲ್ಲಿ ಏದುಸಿರು ಬಿಡುವುದೂ ಕಾರಣವಾಗುತ್ತದೆ. ಜೋರುಜೋರಾಗಿ ಉಸಿರಾಡಿದಾಗ ರಕ್ತದ ಆಮ್ಲೀಯತೆ ತಗ್ಗಿ ನಾಳದ ಸ್ನಾಯುವಿನೊಳಕ್ಕೆ ಕ್ಯಾಲ್ಸಿಯಂ ಹೆಚ್ಚು ನುಗ್ಗುತ್ತದೆ. ಮದ್ಯದ ವಿಷಯ ಸ್ವಲ್ಪ ಮೋಸದ್ದು. ಕುಡಿಯುವಾಗ ನೋವು ಬರುವುದಿಲ್ಲ. ಗಂಟೆಗಳ ನಂತರ, ಅಮಲು ಇಳಿದು ಮಲಗಿದ್ದಾಗ ಬರುತ್ತದೆ. ಹಾಗಾಗಿ ಎರಡಕ್ಕೂ ನಂಟಿದೆಯೆಂದು ರೋಗಿಗೇ ಹೊಳೆಯುವುದಿಲ್ಲ. ಕೊಕೇನ್‌ನಂಥ ಮಾದಕ ವಸ್ತುವಂತೂ ಆರೋಗ್ಯವಂತ ತರುಣರಲ್ಲೂ ಈ ಸೆಳೆತ ತಂದು ಪ್ರಾಣ ತೆಗೆದಿದೆ.

ಔಷಧಿಗಳ ಬಗ್ಗೆ ಹೆಚ್ಚು ಎಚ್ಚರ ಬೇಕು. ಅರೆತಲೆನೋವಿಗೆ ಕೊಡುವ ಎರ್ಗೊಟಮಿನ್ ಬೆರೆತ ಮಾತ್ರೆ ನಮ್ಮ ಔಷಧಿ ಅಂಗಡಿಗಳಲ್ಲಿ ಸುಲಭವಾಗಿ ಸಿಗುತ್ತದೆ. ಅದೂ, ಸುಮಟ್ರಿಪ್ಟಾನ್ ಜಾತಿಯ ಮಾತ್ರೆಗಳೂ ರಕ್ತನಾಳವನ್ನು ಬಿಗಿಗೊಳಿಸಿಯೇ ಕೆಲಸ ಮಾಡುವಂಥವು. ಈ ಆಂಜೈನಾ ಇರುವ ಕೆಲವರಿಗೆ ಅರೆತಲೆನೋವೂ ಜೊತೆಗಿರುವುದರಿಂದ ಅಪಾಯ ಇಮ್ಮಡಿ. ನೆಗಡಿಗೆ ಮೂಗು ಬಿಡಿಸುವ ಕೆಲವು ಮಾತ್ರೆ, ಕ್ಯಾನ್ಸರಿಗೆ ಕೊಡುವ ಫ್ಲೂರೋಯುರಾಸಿಲ್ ಮತ್ತು ಕೆಪೆಸಿಟಾಬಿನ್ ಕೂಡ ಸೆಳೆತ ತರಬಲ್ಲವು. ಪ್ರೊಪ್ರನಲಾಲ್‌ನಂಥ ಬೀಟಾ ಬ್ಲಾಕರ್‌ಗಳ ಕಥೆ ಮೇಲೆಯೇ ಬಂತು. ನಾಳವನ್ನು ಸಡಿಲಿಸುವ ಬೀಟಾ ಸಂಕೇತವನ್ನು ಅವು ತಡೆದುಬಿಡುತ್ತವೆ, ಬಿಗಿಗೊಳಿಸುವ ಆಲ್ಫಾ ಸಂಕೇತಕ್ಕೆ ತಡೆಯೇ ಇಲ್ಲದಂತಾಗುತ್ತದೆ. ಬ್ಲಾಕ್‌ನಿಂದ ಬರುವ ಆಂಜೈನಾದಲ್ಲಿ ಅವು ನಿಜವಾಗಿ ಒಳ್ಳೆಯ ಔಷಧಿ. ಆದ್ದರಿಂದ ಇದನ್ನು ಓದಿ ಯಾರೂ ತಮ್ಮ ಬೀಟಾ ಬ್ಲಾಕರನ್ನು ತಾವೇ ನಿಲ್ಲಿಸಬಾರದು. ನೋವು ವಿಶ್ರಾಂತಿಯಲ್ಲಿ ಬರುತ್ತಿದೆ, ಮಾತ್ರೆ ಶುರುವಾದ ಮೇಲೆ ಹೆಚ್ಚಾಗಿದೆ ಎಂದು ವೈದ್ಯರಿಗೆ ಹೇಳಬೇಕು, ಅಷ್ಟೆ.

ಚಿಕಿತ್ಸೆಯ ಆಧಾರಸ್ತಂಭ ಕ್ಯಾಲ್ಸಿಯಂ ಚಾನಲ್ ಬ್ಲಾಕರ್‌ಗಳು. ಸ್ನಾಯು ಬಿಗಿಯಬೇಕಾದರೆ ಅದರ ಜೀವಕೋಶದೊಳಕ್ಕೆ ಕ್ಯಾಲ್ಸಿಯಂ ಬರಬೇಕು. ನಾಳದ ಸ್ನಾಯುವಿಗೆ ಅದು ಬರುವುದು ಬಹುಪಾಲು ಹೊರಗಿನಿಂದ, ಕೋಶದ ಪೊರೆಯಲ್ಲಿರುವ ಪುಟ್ಟ ದ್ವಾರಗಳ ಮೂಲಕ. ಈ ಔಷಧಿಗಳು ಆ ದ್ವಾರಗಳನ್ನು ತಡೆಯುತ್ತವೆ. ಮೀನಖಂಡದ ಸ್ನಾಯು ಹಾಗಲ್ಲ, ತನಗೆ ಬೇಕಾದ ಕ್ಯಾಲ್ಸಿಯಂ ಅನ್ನು ತನ್ನೊಳಗೇ ಶೇಖರಿಸಿಟ್ಟುಕೊಂಡಿರುತ್ತದೆ. ಆದ್ದರಿಂದಲೇ ಈ ಮಾತ್ರೆ ನುಂಗಿದರೆ ಕೈಕಾಲಿನ ಬಲ ಕುಗ್ಗುವುದಿಲ್ಲ, ನಾಳ ಮಾತ್ರ ಸಡಿಲುತ್ತದೆ. ಈ ತತ್ವವನ್ನು 1960ರ ದಶಕದಲ್ಲಿ ಕಂಡುಕೊಂಡವರು ಜರ್ಮನಿಯ ಫ್ರೈಬರ್ಗ್‌ನ ಆಲ್ಬ್ರೆಕ್ಟ್ ಫ್ಲೆಕೆನ್‌ಸ್ಟೈನ್. ಇಲ್ಲೊಂದು ತಪ್ಪು ತಿಳಿವಳಿಕೆ ಬಿಡಿಸಬೇಕು: ರಾಗಿ, ಹಾಲು, ಮೂಳೆಗೆ ಕೊಡುವ ಕ್ಯಾಲ್ಸಿಯಂ ಮಾತ್ರೆಗೂ ಈ ಸೆಳೆತಕ್ಕೂ ಸಂಬಂಧವಿಲ್ಲ. ಇವನ್ನು ಬಿಡಬೇಕಾಗಿಲ್ಲ.

ಅಂಗಡಿಯವರ ಕಥೆಗೆ ಬಂದರೆ, ಪ್ರೊಪ್ರನಲಾಲ್ ನಿಲ್ಲಿಸಿ ಡಿಲ್ಟಿಯಾಜೆಮ್ ಶುರುಮಾಡಿದರು. ಇದು ದೇಹದಲ್ಲಿ ಬೇಗ ಕರಗಿಹೋಗುವ ಔಷಧಿ. ಸಾಮಾನ್ಯ ಮಾತ್ರೆಯಾದರೆ ರಾತ್ರಿ ಊಟಕ್ಕೆ ನುಂಗಿದ್ದು ನಸುಕಿಗೆ ಉಳಿಯುವುದಿಲ್ಲ. ಅದಕ್ಕೇ ನಿಧಾನವಾಗಿ ಬಿಡುಗಡೆಯಾಗುವ 90 ಮಿಲಿಗ್ರಾಂ ಮಾತ್ರೆಯನ್ನು ಮಲಗುವ ಮುನ್ನ ಕೊಟ್ಟರು. ವಾರ ಕಳೆದರೂ ಒಂದೆರಡು ದಿನ ನೋವು ಬಂದದ್ದರಿಂದ ಬೆಳಿಗ್ಗೆ ಇನ್ನೊಂದು ಸೇರಿಸಿದರು. ಪ್ರಮಾಣವನ್ನು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ದಿನಕ್ಕೆ 360 ಮಿಲಿಗ್ರಾಂವರೆಗೂ ಏರಿಸುವುದುಂಟು. ಮಾತ್ರೆ ಹೆಸರಿಗೆ ಇದ್ದರೆ ಸಾಲದು, ಪ್ರಮಾಣ ಸಾಕಷ್ಟಿರಬೇಕು, ನೋವಿನ ಗಳಿಗೆಗೆ ರಕ್ತದಲ್ಲಿ ಇರಬೇಕು. ಚಿಕಿತ್ಸೆ ಸೋತಂತೆ ಕಾಣುವ ಕಡೆ ಮೊದಲು ನೋಡಬೇಕಾದದ್ದು ಇವೆರಡನ್ನು. ಅಮ್ಲೋಡಿಪಿನ್ ಇನ್ನೊಂದು ಆಯ್ಕೆ. ಬಿಪಿಗೆ ಕೊಡುವ ಅದೇ ಮಾತ್ರೆ, 5 ಅಥವಾ 10 ಮಿಲಿಗ್ರಾಂ. ಅದು ದಿನವಿಡೀ ಉಳಿಯುವುದರಿಂದ ಹೊತ್ತಿನ ಲೆಕ್ಕ ಅಷ್ಟು ಬೇಡ. ಒಂದರಿಂದ ಆಗದಿದ್ದರೆ ತಜ್ಞರು ಎರಡು ಜಾತಿಯವನ್ನು ಕೂಡಿಸುತ್ತಾರೆ, ಅಥವಾ ದೀರ್ಘಕಾಲ ಕೆಲಸ ಮಾಡುವ ನೈಟ್ರೇಟನ್ನೋ ನಿಕೊರಾಂಡಿಲ್ಲನ್ನೋ ಸೇರಿಸುತ್ತಾರೆ.

ಅಡ್ಡಪರಿಣಾಮಗಳು ಇಲ್ಲದಿಲ್ಲ. ಅಮ್ಲೋಡಿಪಿನ್‌ನಿಂದ ಪಾದದ ಗಂಟು ಊದಬಹುದು, ಮೊದಮೊದಲು ತಲೆನೋವು ಬರಬಹುದು. ವೆರಪಮಿಲ್ ಮಲಬದ್ಧತೆ ತರುತ್ತದೆ. ಡಿಲ್ಟಿಯಾಜೆಮ್ ಮತ್ತು ವೆರಪಮಿಲ್ ಹೃದಯದ ಬಡಿತವನ್ನು ನಿಧಾನಿಸುತ್ತವೆ. ಬೀಟಾ ಬ್ಲಾಕರ್ ಜೊತೆ ಸೇರಿದರೆ ಬಡಿತ ಅಪಾಯದ ಮಟ್ಟಕ್ಕೆ ಇಳಿಯಬಹುದು. ಕೊಲೆಸ್ಟರಾಲ್‌ಗೆ ಸಿಮ್ವಾಸ್ಟಾಟಿನ್ ತೆಗೆದುಕೊಳ್ಳುತ್ತಿದ್ದರೆ ಅದನ್ನೂ ವೈದ್ಯರಿಗೆ ತಿಳಿಸಬೇಕು, ಏಕೆಂದರೆ ಈ ಎರಡು ಮಾತ್ರೆಗಳು ರಕ್ತದಲ್ಲಿ ಅದರ ಮಟ್ಟವನ್ನು ಏರಿಸುತ್ತವೆ.

ಎಲ್ಲಕ್ಕಿಂತ ಹೆಚ್ಚು ತೊಂದರೆಯಾಗುವುದು ನೋವು ನಿಂತಾಗ. ಎರಡು ಮೂರು ತಿಂಗಳು ನೆಮ್ಮದಿಯಾಗಿ ನಿದ್ದೆ ಬಂದ ಮೇಲೆ ಮಾತ್ರೆ ಯಾಕೆ ಎನ್ನಿಸುತ್ತದೆ. ಒಮ್ಮೆಲೇ ಬಿಟ್ಟರೆ ಸೆಳೆತ ಮೊದಲಿಗಿಂತ ಜೋರಾಗಿ ಮರುಕಳಿಸಬಹುದು. ಸೆಳೆತ ಬಹಳ ಹೊತ್ತು ಹಿಡಿದರೆ ಅದೇ ಹೃದಯಾಘಾತ. ಅದಲ್ಲದಿದ್ದರೂ ಆ ಹೊತ್ತಿನಲ್ಲಿ ಬಡಿತದ ಲಯ ಕೆಟ್ಟು ಪ್ರಜ್ಞೆ ತಪ್ಪಬಹುದು, ಅಪರೂಪಕ್ಕೆ ಪ್ರಾಣವೂ ಹೋಗಬಹುದು. ನೋವಿನ ಜೊತೆ ಒಮ್ಮೆಯಾದರೂ ಪ್ರಜ್ಞೆ ತಪ್ಪಿದ್ದರೆ ಅದನ್ನು ತಪ್ಪದೆ ಹೇಳಬೇಕು. ಅಂಥ ಕೆಲವರಿಗೆ ಲಯ ಸರಿಪಡಿಸುವ ಯಂತ್ರವನ್ನು ಎದೆಯ ಚರ್ಮದಡಿ ಇಡುವ ಯೋಚನೆಯನ್ನೂ ತಜ್ಞರು ಮಾಡುತ್ತಾರೆ. ಸ್ಟೆಂಟ್ ಮಾತ್ರ ಬ್ಲಾಕ್ ಇಲ್ಲದ ಸೆಳೆತಕ್ಕೆ ಮದ್ದಲ್ಲ. ಒಂದು ಜಾಗಕ್ಕೆ ಸ್ಟೆಂಟ್ ಹಾಕಿದರೆ ಸೆಳೆತ ಅದರ ಹಿಂದೆಯೋ ಮುಂದೆಯೋ ಬರುತ್ತದೆ. ಬ್ಲಾಕೂ ಸೆಳೆತವೂ ಎರಡೂ ಇದ್ದರೆ ಸ್ಟೆಂಟ್ ಬೇಕಾಗಬಹುದು. ಮಾತ್ರೆ ಆಗಲೂ ಮುಂದುವರಿಯಬೇಕು.

ಬ್ಲಾಕ್ ಇಲ್ಲದೆ, ಸಿಗರೇಟು ಬಿಟ್ಟು, ಮಾತ್ರೆ ಬಿಡದೆ ಇರುವವರ ಆಯುಷ್ಯ ಚೆನ್ನಾಗಿಯೇ ಇರುತ್ತದೆ. ಅವರಲ್ಲಿ ಹೆಚ್ಚಿನವರಿಗೆ ನೋವು ಸಂಪೂರ್ಣವಾಗಿ ನಿಲ್ಲುತ್ತದೆ, ಇಲ್ಲವೇ ಯಾವಾಗಲೋ ಒಮ್ಮೆ ಎನ್ನುವಷ್ಟಕ್ಕೆ ಇಳಿಯುತ್ತದೆ. ವೈದ್ಯರು ಬರೆದುಕೊಟ್ಟಿದ್ದರೆ ನಾಲಿಗೆಯಡಿ ಇಡುವ ಐಸೋಸಾರ್ಬೈಡ್ 5 ಮಿಲಿಗ್ರಾಂ ಮಾತ್ರೆ ಹಾಸಿಗೆಯ ಪಕ್ಕದಲ್ಲೇ ಇರಲಿ. ನೋವು ಬಂದರೆ ಎದ್ದು ಓಡಾಡದೆ ಕುಳಿತುಕೊಂಡು ಇಟ್ಟುಕೊಳ್ಳಿ. ನಿಂತಿದ್ದರೆ ರಕ್ತದೊತ್ತಡ ಇಳಿದು ಬೀಳಬಹುದು. ಲೈಂಗಿಕ ಶಕ್ತಿಗೆಂದು ಸಿಲ್ಡೆನಾಫಿಲ್‌ನಂಥ ಮಾತ್ರೆ ತೆಗೆದುಕೊಂಡಿದ್ದರೆ ಮಾತ್ರ ಇದನ್ನು ಇಡಲೇಬಾರದು. ಐದು ನಿಮಿಷದಲ್ಲಿ ನೋವು ಬಿಡದಿದ್ದರೆ 108ಕ್ಕೆ ಫೋನು ಮಾಡಿ.

ಇನ್ನೂ ಕಾಯಿಲೆ ಗೊತ್ತಾಗಿಲ್ಲದವರು, ರಾತ್ರಿ ಎದೆನೋವಿನಿಂದ ಎಚ್ಚರವಾದರೆ, ಅದು ಹೃದಯಾಘಾತವೋ ಸೆಳೆತವೋ ಗ್ಯಾಸ್ಟ್ರಿಕ್ಕೋ ಎಂದು ಮನೆಯಲ್ಲಿ ಕುಳಿತು ತೀರ್ಮಾನಿಸಲು ಹೋಗಬೇಡಿ. ಮೂರನ್ನೂ ಬೇರ್ಪಡಿಸಿ ಹೇಳುವುದು ಆಸ್ಪತ್ರೆಯಲ್ಲೇ ಆಗಬೇಕಾದ ಕೆಲಸ. ನೋವು ಇರುವಾಗಲೇ ಹೋಗಿ, ನೋವು ಇರುವಾಗಲೇ ಇಸಿಜಿ ತೆಗೆಸಿ, ಇಳಿದ ಮೇಲೆ ಇನ್ನೊಂದು ತೆಗೆಯಲು ಕೇಳಿ. ಎರಡರ ಮೇಲೂ ಹೊತ್ತು ಬರೆಸಿಕೊಳ್ಳಿ. ಆ ಕಾಗದದ ಶಾಯಿ ತಿಂಗಳುಗಳು ಕಳೆದಂತೆ ಮಸುಕಾಗುತ್ತದೆ. ಅಲ್ಲೇ ಫೋನಿನಲ್ಲಿ ಫೋಟೋ ತೆಗೆದಿಟ್ಟುಕೊಂಡು, ಮುಂದೆ ಯಾವ ಹೃದ್ರೋಗ ತಜ್ಞರ ಬಳಿ ಹೋದರೂ ಮೊದಲು ಅದನ್ನು ತೋರಿಸಿ.